ಏಳನೇ ವಾರದ ಹಾಳೆ

ಡಿಪ್ರೆಶನ್ ಪದೇ ಪದೇ ಬರುವವರಿಗೆ ಎಂಟು ವಾರದ ಒಂದು ತರಬೇತಿ ಇದೆ. ಎಂ.ಬಿ.ಸಿ.ಟಿ., ಅಂದರೆ ಮೈಂಡ್‌ಫುಲ್‌ನೆಸ್ ಆಧಾರಿತ ಕಾಗ್ನಿಟಿವ್ ಥೆರಪಿ ಅಂತಾರೆ. ಮೈಸೂರಿನಲ್ಲಿ ಚಿಕ್ಕ ಗುಂಪುಗಳಿಗೆ ನಾನು ಅದನ್ನು ಹೇಳಿಕೊಡುತ್ತೇನೆ. ವಾರಕ್ಕೊಮ್ಮೆ ಎರಡು ಗಂಟೆ ತರಗತಿ, ಮನೆಯಲ್ಲಿ ದಿನಾ ಮುಕ್ಕಾಲು ಗಂಟೆ ಅಭ್ಯಾಸ. ನಮ್ಮದು ಯೋಗದ ಊರು, ಹಾಗಾಗಿ ಬಂದವರು ಕಣ್ಣು ಮುಚ್ಚಿದ ಕೂಡಲೇ ಮನಸ್ಸು ಶಾಂತ ಆಗಬೇಕು ಅಂದುಕೊಂಡಿರುತ್ತಾರೆ. ಮೊದಲ ದಿನ ಕೈಗೆ ಒಂದು ಒಣದ್ರಾಕ್ಷಿ ಕೊಟ್ಟು, ನಿಧಾನವಾಗಿ ನೋಡಿ, ಮೂಸಿ, ಆಮೇಲೆ ತಿನ್ನಿ ಅಂದಾಗ ಅವರ ಮುಖ ನೋಡಬೇಕು.

ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮೂವರು ಮನೋವಿಜ್ಞಾನಿಗಳು ಇದನ್ನು ರೂಪಿಸಿದರು. 2000ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದವರ ಪೈಕಿ ಮಾಮೂಲಿ ಚಿಕಿತ್ಸೆಯಲ್ಲಿದ್ದ ಶೇ. 66 ಜನರಿಗೆ ಸುಮಾರು ಒಂದು ವರ್ಷದಲ್ಲಿ ಅದು ಮರುಕಳಿಸಿತು. ತರಬೇತಿಯೂ ಸಿಕ್ಕವರಲ್ಲಿ ಅದು ಶೇ. 37. ಎರಡೇ ಸಲ ಬಂದವರಿಗೆ ಲಾಭ ಕಾಣಲಿಲ್ಲ. ಅವರು ಕೊಟ್ಟ ಕಾರಣ ಇದು: ಖಿನ್ನತೆ ಬಂದಷ್ಟೂ ಸಣ್ಣ ಬೇಸರಕ್ಕೂ ಹಳೆಯ ಕೆಟ್ಟ ಯೋಚನೆಗಳಿಗೂ ನಂಟು ಗಟ್ಟಿಯಾಗುತ್ತದೆ. ಆಮೇಲಾಮೇಲೆ ದೊಡ್ಡ ಕಾರಣವೇ ಬೇಕಿಲ್ಲ, ಒಂದು ಮಂಕು ದಿನ ಸಾಕು. ಅದಕ್ಕೇ ಆ ಮಂಕನ್ನು ಶುರುವಿನಲ್ಲೇ ಗುರುತಿಸಬೇಕು. ಏಳನೇ ವಾರದ ಹಾಳೆ ಇರುವುದು ಇದಕ್ಕೆ. ಒಂದು ಕಡೆ ಮುನ್ಸೂಚನೆಗಳು, ಇನ್ನೊಂದು ಕಡೆ ಏನು ಮಾಡಬೇಕು ಅನ್ನುವುದು.

ಮದ್ದೂರು ಕಡೆಯ ಒಬ್ಬರು ಹೈಸ್ಕೂಲ್ ಟೀಚರ್ ಬಂದಿದ್ದರು (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ). ಮುನ್ಸೂಚನೆ ಬರೆಯಿರಿ ಅಂದರೆ ‘ಅಳು, ನಿದ್ರೆ ಇಲ್ಲ, ಶಾಲೆಗೆ ಹೋಗಲು ಆಗಲ್ಲ’ ಅಂತ ಬರೆದರು. ಅಷ್ಟು ಹೊತ್ತಿಗೆ ತಡವಾಗಿರುತ್ತೆ, ಅಲ್ವಾ? ಕಳೆದ ಸಲ ಅದಕ್ಕೂ ಎರಡು ವಾರ ಮುಂಚೆ ಮನೆಯಲ್ಲಿ ಏನು ಬದಲಾಗಿತ್ತು ಅಂತ ಯಜಮಾನರನ್ನು ಕೇಳಿಕೊಂಡು ಬನ್ನಿ ಅಂದೆ. ಅವರು ತಕ್ಷಣ ಹೇಳಿದರಂತೆ: “ನೀನು ಫೋನ್ ಎತ್ತೋದೇ ಬಿಡ್ತೀಯ. ನಿಮ್ಮಕ್ಕ ಮಾಡಿದ್ರೂ ಆಮೇಲೆ ಅಂತೀಯ.” ಅದು ಸಿಕ್ಕ ಮೇಲೆ ಉಳಿದದ್ದು ಟೀಚರ್‌ಗೇ ನೆನಪಾಯಿತು. ತಿದ್ದದೆ ಉಳಿದ ಉತ್ತರ ಪತ್ರಿಕೆಗಳ ಕಟ್ಟು. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ. ಆಗ ಬರುವ ‘ನಾನು ಎಲ್ಲರಿಗೂ ಭಾರ’ ಎಂಬ ಯೋಚನೆ. ಆ ಯೋಚನೆಯನ್ನು ಅದೇ ಮಾತಿನಲ್ಲಿ ಬರೆಸಿದೆ. ಮುಂದೆ ಬಂದಾಗ ಅದು ನಿಜದ ವೇಷದಲ್ಲೇ ಬರುತ್ತದೆ.

ಇನ್ನೊಂದು ಕಡೆ ಅವರು ‘ದಿನಾ ಒಂದು ಗಂಟೆ ವಾಕಿಂಗ್’ ಅಂತ ಬರೆದರು. ಹಾಸಿಗೆ ಬಿಟ್ಟು ಏಳೋದೇ ಕಷ್ಟವಾದ ದಿನ ಅದು ಆಗುವ ಮಾತಲ್ಲ. ಕಡಿಮೆ ಮಾಡುತ್ತಾ ಬಂದೆವು. ಕೊನೆಗೆ ಉಳಿದದ್ದು: ಕನಕಾಂಬರ ಗಿಡಗಳಿಗೆ ನೀರು, ಎರಡೇ ಎರಡು ಪತ್ರಿಕೆ ತಿದ್ದುವುದು, ಅಕ್ಕನ ಜೊತೆ ಐದು ನಿಮಿಷ ಮಾತು. ಮನಸ್ಸು ಬಂದ ಮೇಲೆ ಮಾಡ್ತೀನಿ ಅಂತ ಕಾಯುವ ಹಾಗಿಲ್ಲ. ಖಿನ್ನತೆಯಲ್ಲಿ ಕೆಲಸ ಮೊದಲು, ಹುಮ್ಮಸ್ಸು ಆಮೇಲೆ.

ಇವೆಲ್ಲಕ್ಕಿಂತ ಮೊದಲು ಮೂರು ನಿಮಿಷದ ಉಸಿರಾಟದ ಬಿಡುವು. ಮೊದಲು ಈಗ ಯಾವ ಯೋಚನೆ ಇದೆ, ಯಾವ ಭಾವ ಇದೆ, ಮೈಯಲ್ಲಿ ಏನಾಗುತ್ತಿದೆ ಅಂತ ನೋಡುವುದು. ಆಮೇಲೆ ಗಮನವನ್ನು ಉಸಿರಿನ ಮೇಲೆ ಇಡುವುದು. ಕೊನೆಗೆ ಅದನ್ನು ಇಡೀ ಮೈಗೆ ಹರಡುವುದು.

ಯಜಮಾನರ ಹತ್ತಿರವೂ ಹಾಳೆಯ ಒಂದು ಪ್ರತಿ ಇತ್ತು. ಅವರು ಏನು ಹೇಳಬೇಕು ಅಂತ ಟೀಚರೇ ಮೊದಲೇ ತೀರ್ಮಾನಿಸಿದ್ದರು. “ಮತ್ತೆ ಶುರುವಾಯ್ತಾ?” ಅನ್ನಬಾರದು. “ಹಾಳೆ ನೋಡೋಣ್ವಾ?” ಅಂದರೆ ಸಾಕು.

ಪರೀಕ್ಷೆಯ ಸಮಯದಲ್ಲಿ ಆ ಮಾತು ಬೇಕಾಯಿತು. ಆದರೆ ಟೀಚರ್ ಫೋನ್ ಮಾಡಿ, “ಉಸಿರಾಟ ಮಾಡಿದೆ ಮೇಡಂ, ಬೇಸರ ಹೋಗ್ಲೇ ಇಲ್ಲ” ಅಂದರು. ನಾನು ಹೆಚ್ಚಾಗಿ ಕಾಣುವ ತೊಡಕೇ ಇದು. ಬೇಸರ ಓಡಿಸಲು ಉಸಿರು ನೋಡುತ್ತಾರೆ, ಮಧ್ಯೆ ಮಧ್ಯೆ ‘ಈಗ ಕಡಿಮೆ ಆಯ್ತಾ?’ ಅಂತ ಅಳೆಯುತ್ತಾರೆ. ಹಾಗೆ ಅಳೆಯುವುದೂ ಹಳೆಯ ಕೊರಗಿನ ಚಾಳಿಯೇ. ‘ನಾನು ಭಾರ’ ಅನ್ನುವ ಬದಲು ‘ನಾನು ಭಾರ ಅನ್ನೋ ಯೋಚನೆ ಬಂದಿದೆ’ ಅಂತ ಒಳಗೇ ಹೇಳಿಕೊಳ್ಳಿ, ಎದೆ ಬಿಗಿದಿದ್ದರೆ ಬಿಗಿದಿದೆ ಅಂತ ನೋಡಿ, ಆಮೇಲೆ ಎದ್ದು ಎರಡು ಪತ್ರಿಕೆ ತಿದ್ದಿ ಅಂದೆ. ಬೇಸರ ಕೆಲವು ವಾರ ಇತ್ತು. ಆದರೆ ಅಕ್ಕನ ಫೋನ್ ಎತ್ತಿದರು, ಶಾಲೆ ಬಿಡಲಿಲ್ಲ. ಹಿಂದಿನ ಸಲ ತಿಂಗಳುಗಟ್ಟಲೆ ರಜೆ ಹಾಕಿದ್ದರು.

ಮಾತ್ರೆ ಬಿಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. 2015ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ, ಈ ತರಬೇತಿ ಪಡೆದು ವೈದ್ಯರ ನೆರವಿನಿಂದ ಮಾತ್ರೆ ಇಳಿಸಲು ಹೊರಟ ಗುಂಪಿನಲ್ಲಿ ಎರಡು ವರ್ಷದೊಳಗೆ ಶೇ. 44 ಜನರಿಗೆ ಮರುಕಳಿಸಿತು, ಮಾತ್ರೆ ಮುಂದುವರಿಸಿದ ಗುಂಪಿನಲ್ಲಿ ಶೇ. 47. ಅಂದರೆ ಹೆಚ್ಚುಕಡಿಮೆ ಒಂದೇ. ಆದರೂ ತಾವೇ ನಿಲ್ಲಿಸುವುದು ಬೇಡ, ಇಳಿಸುವುದಾದರೆ ವೈದ್ಯರೇ ನಿಧಾನವಾಗಿ ಇಳಿಸಬೇಕು. ಇನ್ನು ಖಿನ್ನತೆ ಜೋರಾಗಿ ಇರುವವರನ್ನು ನಾನು ಗುಂಪಿಗೆ ಸೇರಿಸಿಕೊಳ್ಳುವುದಿಲ್ಲ. ಗಮನ ನಿಲ್ಲದವರಿಗೆ ಮುಕ್ಕಾಲು ಗಂಟೆಯ ಅಭ್ಯಾಸ ಹಿಂಸೆಯಾಗುತ್ತದೆ. ಹಾಳೆಯ ಕೊನೆಯ ಸಾಲಿನಲ್ಲಿ ವೈದ್ಯರ ನಂಬರ್ ಮತ್ತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇರುತ್ತದೆ. ಸಾಯುವ ಯೋಚನೆ ಬಂದರೆ ಉಸಿರಾಟವೂ ಬೇಡ, ಪತ್ರಿಕೆಯೂ ಬೇಡ. ಮನೆಯವರಿಗೆ ಹೇಳಿ ನೇರ ಆ ಸಾಲಿಗೇ ಹೋಗಬೇಕು.