ಹೆಸರು ಅಳಿಸಿದರೆ ಸಾಲದು: ಪಟ್ಟಿಯಲ್ಲಿರುವವರನ್ನು ಗುಂಪಿನಲ್ಲಿ ಮರೆಸುವುದು ಹೇಗೆ?

ಒಂದು ಆಸ್ಪತ್ರೆ ತನ್ನ ರೋಗಿಗಳ ಪಟ್ಟಿಯನ್ನು ಸಂಶೋಧಕರಿಗೆ ಕೊಡಬೇಕಿದೆ ಎಂದುಕೊಳ್ಳಿ. ಹೆಸರು, ಫೋನ್ ನಂಬರ್, ಮನೆ ವಿಳಾಸ ಎಲ್ಲವನ್ನೂ ತೆಗೆದಾಗಿದೆ. ಉಳಿದದ್ದು ಇಷ್ಟು. (ಇದು ಉದಾಹರಣೆಗೆಂದು ನಾನೇ ಹೆಣೆದ ಪಟ್ಟಿ.)

| ಸಾಲು | ವಯಸ್ಸು | ಅಂಚೆ ಕೋಡ್ | ಕಾಯಿಲೆ |
|---|---|---|---|
| 1 | 23 | 40711 | ಅಸ್ತಮಾ |
| 2 | 27 | 40714 | ಮಧುಮೇಹ |
| 3 | 29 | 40718 | ಕ್ಷಯ |
| 4 | 34 | 40725 | ರಕ್ತದೊತ್ತಡ |
| 5 | 36 | 40722 | ಕ್ಷಯ |
| 6 | 38 | 40729 | ಅಸ್ತಮಾ |
| 7 | 52 | 40713 | ಕ್ಯಾನ್ಸರ್ |
| 8 | 55 | 40716 | ಕ್ಯಾನ್ಸರ್ |
| 9 | 58 | 40719 | ಕ್ಯಾನ್ಸರ್ |
| 10 | 87 | 40733 | ಹೃದ್ರೋಗ |

ನೋಡಿದರೆ ಯಾರ ಗುರುತೂ ಇಲ್ಲ. ಆದರೆ ನಿಮ್ಮ ಪಕ್ಕದ ಮನೆಯವರಿಗೆ 36 ವರ್ಷ, ನಿಮ್ಮಿಬ್ಬರ ಕೋಡ್ 40722, ಅವರು ಆ ಆಸ್ಪತ್ರೆಗೆ ಹೋಗಿ ಬಂದದ್ದು ನಿಮಗೆ ಗೊತ್ತು. ಪಟ್ಟಿ ಕೈಗೆ ಬಂದ ಕ್ಷಣವೇ ಅವರಿಗೆ ಕ್ಷಯ ಎಂಬುದೂ ಗೊತ್ತಾಗುತ್ತದೆ. ಹೆಸರು ಹೋಯಿತು, ಆಳು ಉಳಿದ.

ಇದು ಬರೀ ಊಹೆಯಲ್ಲ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸರ್ಕಾರಿ ನೌಕರರ ಆರೋಗ್ಯ ವಿಮೆಯ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿದ್ದರು. ಲಟಾನ್ಯಾ ಸ್ವೀನಿ ಆಗ ಇನ್ನೂ ವಿದ್ಯಾರ್ಥಿನಿ. ಕೇಂಬ್ರಿಡ್ಜ್ ನಗರದ ಮತದಾರರ ಪಟ್ಟಿಯನ್ನು ಅವರು 20 ಡಾಲರ್ ಕೊಟ್ಟು ಕೊಂಡು, ಎರಡನ್ನೂ ಪಕ್ಕಪಕ್ಕ ಇಟ್ಟರು. ಹುಟ್ಟಿದ ದಿನಾಂಕ, ಲಿಂಗ, ಅಂಚೆ ಕೋಡ್ ಎರಡರಲ್ಲೂ ಇದ್ದವು. ಆ ರಾಜ್ಯದ ಗವರ್ನರ್ ಆಗಿದ್ದ ವಿಲಿಯಂ ವೆಲ್ಡ್ ಹುಟ್ಟಿದ ದಿನಾಂಕದಲ್ಲೇ ಹುಟ್ಟಿದವರು ಮತದಾರರಲ್ಲಿ ಆರು ಜನ. ಅವರಲ್ಲಿ ಗಂಡಸರು ಮೂವರು. ಆ ಮೂವರಲ್ಲಿ ವೆಲ್ಡ್ ಅವರ ಅಂಚೆ ಕೋಡ್ ಇದ್ದದ್ದು ಅವರೊಬ್ಬರಿಗೇ. ಅಲ್ಲಿಗೆ ಅವರ ವೈದ್ಯಕೀಯ ದಾಖಲೆ ಸಿಕ್ಕಿಬಿತ್ತು. ಇದರ ಬೆನ್ನಿಗೇ ಸ್ವೀನಿ ಮತ್ತು ಪಿಯರಾಂಜೆಲಾ ಸಮರಾಟಿ ಸೇರಿ 1998ರಲ್ಲಿ ಮುಂದಿಟ್ಟ ಅಳತೆಗೋಲೇ ಕೆ-ಅನಾಮಿಕತೆ.

ಅದು ಹೇಳುವುದು ಸರಳ: ಪಟ್ಟಿಯ ಯಾವುದೇ ಸಾಲನ್ನು ತೆಗೆದುಕೊಂಡರೂ, ಹೊರಗಿನವರಿಗೆ ಗೊತ್ತಿರಬಹುದಾದ ವಿವರಗಳಲ್ಲಿ ಅದರಂತೆಯೇ ಕಾಣುವ ಸಾಲುಗಳು, ಅದೂ ಸೇರಿ, ಕಡಿಮೆಯೆಂದರೆ ‘ಕೆ’ಯಷ್ಟು ಇರಬೇಕು. ಕೆ ಎಂದರೆ 3 ಆದರೆ, ಹುಡುಕಿ ಬಂದವನಿಗೆ ಯಾವಾಗಲೂ ಮೂವರಾದರೂ ಎದುರಾಗಬೇಕು, ಅವರಲ್ಲಿ ಯಾರೆಂದು ತಿಳಿಯಬಾರದು. ನಮ್ಮ ಪಟ್ಟಿಯನ್ನು ಅಲ್ಲಿಗೆ ತರೋಣ.

ಹಂತ 1: ಸುಳಿವು ಕೊಡುವ ಕಾಲಂ ಯಾವುವು?

ಕಾಯಿಲೆ ಗುಟ್ಟಿನ ಕಾಲಂ. ಅದನ್ನು ಮುಟ್ಟುವಂತಿಲ್ಲ, ಸಂಶೋಧಕರಿಗೆ ಬೇಕಿರುವುದೇ ಅದು. ವಯಸ್ಸು ಮತ್ತು ಅಂಚೆ ಕೋಡ್ ಸುಳಿವಿನ ಕಾಲಂಗಳು: ದೊಡ್ಡ ಪಟ್ಟಿಯಲ್ಲಿ ಒಂದೊಂದಾಗಿ ಸಾಮಾನ್ಯವಾಗಿ ಯಾರನ್ನೂ ಹಿಡಿದುಕೊಡುವುದಿಲ್ಲ, ಜೊತೆಗೂಡಿದರೆ ಹಿಡಿದುಕೊಡುತ್ತವೆ. ನಮ್ಮದರಂಥ ಸಣ್ಣ ಪಟ್ಟಿಯಲ್ಲಿ ಒಂದೇ ಸಾಕು. ಕಾಲಂ ಆರಿಸುವಾಗ ‘ಇದು ಗುಟ್ಟೇ?’ ಎಂದು ಕೇಳಿಕೊಂಡರೆ ತಪ್ಪು ಉತ್ತರ ಬರುತ್ತದೆ. ‘ಇದು ಇನ್ನೊಬ್ಬರಿಗೆ ಬೇರೆ ಕಡೆಯಿಂದ ಗೊತ್ತಾಗಬಹುದೇ?’ ಎಂದು ಕೇಳಬೇಕು. ಆಸ್ಪತ್ರೆಗೆ ಸೇರಿದ ದಿನಾಂಕ ಯಾರಿಗೂ ಗುಟ್ಟೆನಿಸುವುದಿಲ್ಲ, ಆದರೆ ಇಡೀ ಬೀದಿಗೆ ಗೊತ್ತಿರುತ್ತದೆ. ಹುಟ್ಟಿದ ದಿನಾಂಕವಂತೂ ಎಲ್ಲಕ್ಕಿಂತ ಅಪಾಯ. ಒಂದೇ ವಯಸ್ಸಿನವರನ್ನು ಅದು ಮತ್ತೆ 365 ಪಾಲು ಮಾಡುತ್ತದೆ. ಪಟ್ಟಿಯಲ್ಲಿದ್ದರೆ ಮೊದಲು ಅದನ್ನು ವಯಸ್ಸಿಗೆ ಇಳಿಸಿ.

ಹಂತ 2: ಎರಡನ್ನೂ ಹಿಗ್ಗಿಸಿ

ಹೆಚ್ಚಿನವರು ಇಲ್ಲಿ ಅರ್ಧ ಕೆಲಸ ಮಾಡಿ ನಿಲ್ಲಿಸುತ್ತಾರೆ. ವಯಸ್ಸನ್ನು ಮಾತ್ರ ದಶಕಕ್ಕೆ ಬದಲಿಸಿ ನೋಡಿ: 36 ಹೋಗಿ ‘30–39’ ಆಗುತ್ತದೆ. ಆದರೆ 40722 ಎಂಬ ಕೋಡ್ ಪಟ್ಟಿಯಲ್ಲಿ ಇರುವುದು ಒಂದೇ ಕಡೆ, ಹಾಗಾಗಿ ಪಕ್ಕದ ಮನೆಯವರು ಮೊದಲಿನಂತೆಯೇ ಸಿಕ್ಕಿಬೀಳುತ್ತಾರೆ. ಉಲ್ಟಾ ಮಾಡಿ, ವಯಸ್ಸನ್ನು ಬಿಟ್ಟು ಕೋಡಿನ ಕೊನೆಯ ಅಂಕಿಯನ್ನು ಮಾತ್ರ ಮುಚ್ಚಿ. ಈಗ 36 ವರ್ಷದವರು ಪಟ್ಟಿಯಲ್ಲಿ ಒಬ್ಬರೇ. ಹತ್ತೂ ಸಾಲುಗಳ ಗತಿ ಇಷ್ಟೇ, ಎರಡು ಪ್ರಯತ್ನದಲ್ಲೂ ಕೆ = 1. ಒಂದು ಕಿಟಕಿ ಮುಚ್ಚಿ ಇನ್ನೊಂದನ್ನು ತೆರೆದಿಟ್ಟ ಹಾಗೆ.

ಎರಡನ್ನೂ ಒಟ್ಟಿಗೆ ಹಿಗ್ಗಿಸಿದರೆ ಚಿತ್ರ ಬದಲಾಗುತ್ತದೆ:

| ಸಾಲುಗಳು | ವಯಸ್ಸು | ಅಂಚೆ ಕೋಡ್ | ಕಾಯಿಲೆಗಳು |
|---|---|---|---|
| 1, 2, 3 | 20–29 | 4071x | ಅಸ್ತಮಾ, ಮಧುಮೇಹ, ಕ್ಷಯ |
| 4, 5, 6 | 30–39 | 4072x | ರಕ್ತದೊತ್ತಡ, ಕ್ಷಯ, ಅಸ್ತಮಾ |
| 7, 8, 9 | 50–59 | 4071x | ಕ್ಯಾನ್ಸರ್, ಕ್ಯಾನ್ಸರ್, ಕ್ಯಾನ್ಸರ್ |
| 10 | 80–89 | 4073x | ಹೃದ್ರೋಗ |

ಪಕ್ಕದ ಮನೆಯವರನ್ನು ಈಗ ಹುಡುಕಿ. ಮೂರು ಸಾಲು ಸಿಗುತ್ತವೆ, ಮೂರು ಬೇರೆ ಬೇರೆ ಕಾಯಿಲೆ. ಅವರದು ಯಾವುದು ಎಂದು ಹೇಳುವಂತಿಲ್ಲ.

ಕೋಡಿನ ಅಂಕಿ ಮುಚ್ಚುವಾಗ ಒಂದು ಎಚ್ಚರಿಕೆ. ಅಂಕಿಗಳ ಎಣಿಕೆಯೇ ರಕ್ಷಣೆಯಲ್ಲ, ಆ ಕೋಡಿನಡಿ ಎಷ್ಟು ಜನ ಇದ್ದಾರೆ ಎಂಬುದು ಮುಖ್ಯ. ಜನವಸತಿ ವಿರಳವಾದ ಕಡೆ ಎರಡು ಅಂಕಿ ಮುಚ್ಚಿದರೂ ಬೆರಳೆಣಿಕೆಯ ಮನೆಗಳೇ ಉಳಿದಿರಬಹುದು. ಅಮೆರಿಕದ ಆರೋಗ್ಯ ಮಾಹಿತಿ ಕಾನೂನಾದ ಹಿಪಾದ ಒಂದು ನಿಯಮ ಇದನ್ನು ಸರಿಯಾಗಿ ಹಿಡಿದಿದೆ. ಐದಂಕಿಯ ಕೋಡಿನಲ್ಲಿ ಮೊದಲ ಮೂರನ್ನು ಮಾತ್ರ ಇಟ್ಟುಕೊಳ್ಳಬಹುದು, ಅದೂ ಆ ಮೂರಂಕಿಯ ವ್ಯಾಪ್ತಿಯಲ್ಲಿ 20,000ಕ್ಕಿಂತ ಹೆಚ್ಚು ಜನರಿದ್ದರೆ. ಇಲ್ಲದಿದ್ದರೆ 000 ಎಂದು ಬರೆಯಬೇಕು. ವಯಸ್ಸಿಗೂ ಅಲ್ಲಿ ಇಂಥದೇ ನಿಯಮವಿದೆ: 89 ದಾಟಿದವರೆಲ್ಲ ‘90 ಮತ್ತು ಮೇಲೆ’ ಎಂಬ ಒಂದೇ ಗುಂಪು. ವಯಸ್ಸು ಏರಿದಂತೆ ಓರಗೆಯವರು ಕಡಿಮೆಯಾಗುವುದರಿಂದ ತೊಂಬತ್ತೇಳರ ಅಜ್ಜಿಯನ್ನು ಗುರುತಿಸುವುದು ಮೂವತ್ತೇಳರ ಹೆಂಗಸನ್ನು ಗುರುತಿಸುವುದಕ್ಕಿಂತ ಬಹಳ ಸುಲಭ.

ಹಂತ 3: ಎಣಿಸಿ, ಆದರೆ ಸರಿಯಾಗಿ ಎಣಿಸಿ

ಸ್ಪ್ರೆಡ್‌ಶೀಟ್‌ನಲ್ಲಿ ವಯಸ್ಸು B ಕಾಲಂನಲ್ಲಿ, ಕೋಡ್ C ಕಾಲಂನಲ್ಲಿ ಇದ್ದರೆ, ಪಕ್ಕದ ಖಾಲಿ ಕಾಲಂನ ಎರಡನೇ ಸಾಲಿನಲ್ಲಿ ಹೀಗೆ ಬರೆದು ಕೆಳಗಿನವರೆಗೆ ಎಳೆಯಿರಿ:

```
=COUNTIFS(B:B,B2,C:C,C2)
```

ಪ್ರತಿ ಸಾಲಿನ ಎದುರು ಅದರ ಗುಂಪಿನ ಗಾತ್ರ ಬರುತ್ತದೆ. ಅವುಗಳಲ್ಲಿ ಅತಿ ಚಿಕ್ಕದೇ ಪಟ್ಟಿಯ ಕೆ. ಸರಾಸರಿಗೆ ಇಲ್ಲಿ ಬೆಲೆಯಿಲ್ಲ. ನಮ್ಮಲ್ಲಿ 3, 3, 3 ಬಂದರೂ ಕೊನೆಯಲ್ಲಿ 1 ಬಂದಿರುವುದರಿಂದ ಇಡೀ ಪಟ್ಟಿಯ ಕೆ ಇನ್ನೂ 1.

ಮುಚ್ಚಿದ ಅಂಕಿಯ ಜಾಗದಲ್ಲಿ ನಾನು ನಕ್ಷತ್ರ ಚಿಹ್ನೆ ಹಾಕದೆ x ಹಾಕಿದ್ದಕ್ಕೆ ಕಾರಣವಿದೆ. ಎಲ್ಲ ಕಡೆ ನಕ್ಷತ್ರವನ್ನೇ ಬಳಸುತ್ತಾರೆ, ಆದರೆ COUNTIFS ಅದನ್ನು ‘ಮುಂದೆ ಏನಿದ್ದರೂ ಸರಿ’ ಎಂದು ಓದುತ್ತದೆ. ಒಂದೇ ವಯಸ್ಸಿನ ಗುಂಪಿನಲ್ಲಿ ಒಬ್ಬರಿಗೆ `407**`, ಇನ್ನಿಬ್ಬರಿಗೆ `4071*` ಎಂದಿದ್ದರೆ, ಮೊದಲನೆಯವರ ಲೆಕ್ಕಕ್ಕೆ ಆ ಇಬ್ಬರನ್ನೂ ಸೇರಿಸಿ 3 ಎಂದು ತೋರಿಸುತ್ತದೆ. ಒಂಟಿಯಾಗಿ ನಿಂತವರು ಗುಂಪಿನಲ್ಲಿದ್ದಂತೆ ಕಾಣುತ್ತಾರೆ, ತಪ್ಪು ಎಲ್ಲೂ ಕೆಂಪಾಗಿ ಕಾಣಿಸುವುದಿಲ್ಲ.

ಹಂತ 4: ಒಂಟಿ ಸಾಲನ್ನು ಏನು ಮಾಡುವುದು?

87 ವರ್ಷದವರಿಗೆ ಜೊತೆಯಿಲ್ಲ. ಆ ಸಾಲನ್ನೇ ತೆಗೆದುಹಾಕುವುದು ಒಂದು ದಾರಿ. ಕೆಲವೇ ಸಾಲುಗಳಿದ್ದರೆ ನಾನೂ ಅದನ್ನೇ ಮಾಡುತ್ತೇನೆ. ಆದರೆ ತೆಗೆದದ್ದನ್ನು ಬರೆದು ತಿಳಿಸಬೇಕು, ಇಲ್ಲವಾದರೆ ವಯಸ್ಸಾದವರಿಗೆ ಕಾಯಿಲೆಯೇ ಇಲ್ಲವೆಂಬ ತೀರ್ಮಾನಕ್ಕೆ ಯಾರಾದರೂ ಬಂದಾರು. ಇನ್ನೊಂದು ದಾರಿ, ಅವರನ್ನು ಹತ್ತಿರದ ಗುಂಪಿಗೆ ಸೇರಿಸುವುದು: 7ರಿಂದ 10ರವರೆಗಿನ ಸಾಲುಗಳಿಗೆ ವಯಸ್ಸು ‘50 ಮತ್ತು ಮೇಲೆ’, ಕೋಡ್ `407xx`. ಗುಂಪುಗಳು 3, 3, 4. ಕೆ = 3 ಬಂತು.

ಹಂತ 5: ಗುಂಪಿನ ಒಳಗೆ ಇಣುಕಿ

ಇಷ್ಟಕ್ಕೇ ನಿಲ್ಲಿಸುವಂತಿಲ್ಲ. ಒಂಟಿ ಸಾಲನ್ನು ತೆಗೆಯುವ ದಾರಿ ಹಿಡಿದಿದ್ದರೆ ಮೂರನೇ ಗುಂಪಿನಲ್ಲಿ ಉಳಿಯುವ ಮೂವರಿಗೂ ಕ್ಯಾನ್ಸರ್. ಕೋಡ್ 40716ರಲ್ಲಿರುವ 55ರ ಒಬ್ಬರನ್ನು ಬಲ್ಲವನಿಗೆ ಅವರ ಸಾಲು ಯಾವುದೆಂದು ತಿಳಿಯುವುದಿಲ್ಲ, ನಿಜ. ತಿಳಿಯುವ ಅಗತ್ಯವೂ ಇಲ್ಲ. ಮೂರರಲ್ಲಿ ಯಾವುದಾದರೂ ಉತ್ತರ ಒಂದೇ. ಗುಂಪಿನಲ್ಲಿ ಎಷ್ಟು ಜನ ಎಂಬುದನ್ನಷ್ಟೇ ಕೆ ಎಣಿಸುತ್ತದೆ, ಅವರ ಗುಟ್ಟುಗಳು ಎಷ್ಟು ಬಗೆ ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ. ಈ ಕೊರತೆ ತುಂಬಲೆಂದೇ 2006ರಲ್ಲಿ ಎಲ್-ವೈವಿಧ್ಯ ಎಂಬ ಇನ್ನೊಂದು ಅಳತೆ ಬಂತು. ಪ್ರತಿ ಗುಂಪಿನಲ್ಲೂ ಗುಟ್ಟಿನ ಕಾಲಂನ ಬೆಲೆಗಳು ಕಡಿಮೆಯೆಂದರೆ ‘ಎಲ್’ ಬಗೆ ಇರಬೇಕೆಂಬುದು ಅದರ ಸರಳ ರೂಪ.

ಸೇರಿಸುವ ದಾರಿ ಹಿಡಿದರೆ ನಾಲ್ವರಲ್ಲಿ ಒಬ್ಬರಿಗೆ ಹೃದ್ರೋಗ, ಅಂದರೆ ಎರಡು ಬಗೆ. ಆದರೂ ನಾಲ್ಕರಲ್ಲಿ ಮೂರು ಪಾಲು ಕ್ಯಾನ್ಸರ್ರೇ. ಸಾಲದ್ದಕ್ಕೆ, 87ರ ಹಿರಿಯರಿಗೆ ಹೃದ್ರೋಗ ಎಂದು ಮೊದಲೇ ಗೊತ್ತಿರುವವನು ಅವರನ್ನು ಬದಿಗಿಟ್ಟರೆ ಉಳಿದ ಮೂವರ ಗುಟ್ಟು ಪೂರ್ತಿ ಬಯಲು.

ಇನ್ನೂ ಹಿಗ್ಗಿಸಬಹುದು. 4ರಿಂದ 10ರವರೆಗೆ ಎಲ್ಲರಿಗೂ ‘30 ಮತ್ತು ಮೇಲೆ, 407xx’ ಎಂದರೆ ಏಳು ಜನರಲ್ಲಿ ಮೂವರಿಗೆ ಕ್ಯಾನ್ಸರ್, ಉಳಿದವರಿಗೆ ಬೇರೆ ನಾಲ್ಕು ಕಾಯಿಲೆ. ಗುಟ್ಟು ಚೆನ್ನಾಗಿ ಮುಚ್ಚಿತು. ಜೊತೆಗೆ 4071ರಿಂದ ಶುರುವಾಗುವ ಪ್ರದೇಶದ ಐವತ್ತರ ಆಸುಪಾಸಿನವರಲ್ಲೇ ಕ್ಯಾನ್ಸರ್ ಏಕೆ ಕಾಣುತ್ತಿದೆ ಎಂಬ ಪ್ರಶ್ನೆಯೂ ಅಳಿಸಿಹೋಯಿತು. ಸಂಶೋಧಕರು ಪಟ್ಟಿ ಕೇಳಿದ್ದೇ ಅದಕ್ಕಾಗಿ ಇರಬಹುದು. ಆದ್ದರಿಂದ ಹಿಗ್ಗಿಸುವ ಮೊದಲೇ ಅವರನ್ನು ಕೇಳಿ: ವಯಸ್ಸು ಮುಖ್ಯವೋ ಪ್ರದೇಶವೋ? ವಯಸ್ಸು ಎಂದರೆ ಕೋಡನ್ನು ಪೂರ್ತಿ ಮುಚ್ಚಿ ವಯಸ್ಸನ್ನು ಸಣ್ಣ ಸಣ್ಣ ಅಂತರದಲ್ಲಿ ಇಡಬಹುದು. ಪ್ರದೇಶ ಎಂದರೆ ಅದರ ಉಲ್ಟಾ. ಎರಡೂ ಸೂಕ್ಷ್ಮವಾಗಿ ಬೇಕು ಎಂದರೆ ಹತ್ತು ಸಾಲು ಸಾಲದು, ದೊಡ್ಡ ಪಟ್ಟಿಯೇ ಬೇಕು.

ಹಂತ 6: ಎರಡನೇ ಸಲ ಕೊಡುವಾಗ

ಕೆಲವು ತಿಂಗಳ ನಂತರ ಇನ್ನೊಬ್ಬರು ಅದೇ ಪಟ್ಟಿ ಕೇಳುತ್ತಾರೆ, ಅವರಿಗೆ ವಯಸ್ಸು ‘25–34’ ಮತ್ತು ‘35 ಮತ್ತು ಮೇಲೆ’ ಎಂದು ಬೇಕು. 23ರ ಸಾಲನ್ನು ತೆಗೆದು, ಕೋಡನ್ನು `407xx` ಮಾಡಿ ಕೊಟ್ಟರೆ ಗುಂಪುಗಳು 3 ಮತ್ತು 6. ಇಲ್ಲೂ ಕೆ = 3, ಪಟ್ಟಿ ಮೇಲ್ನೋಟಕ್ಕೆ ಸರಿಯಾಗಿದೆ.

ಈಗ 27ರ ವ್ಯಕ್ತಿಯನ್ನು ಬಲ್ಲವನ ಕೈಯಲ್ಲಿ ಎರಡೂ ಪಟ್ಟಿ ಇವೆ. ಮೊದಲನೆಯದರಲ್ಲಿ ಅವರ ಗುಂಪು: ಅಸ್ತಮಾ, ಮಧುಮೇಹ, ಕ್ಷಯ. ಎರಡನೆಯದರಲ್ಲಿ: ಮಧುಮೇಹ, ಕ್ಷಯ, ರಕ್ತದೊತ್ತಡ. ಎರಡರಲ್ಲೂ ಇರುವುದು ಮಧುಮೇಹ ಮತ್ತು ಕ್ಷಯ ಮಾತ್ರ, ಮೂರು ಸಾಧ್ಯತೆ ಎರಡಕ್ಕೆ ಇಳಿಯಿತು. ಇನ್ನೊಂದು ಬಗೆಯ ಮೂರನೇ ಪಟ್ಟಿ ಸಿಕ್ಕರೆ ಒಂದಕ್ಕೂ ಇಳಿಯಬಹುದು. ಹಾಗಾಗಿ ಮೊದಲ ಸಲ ವಯಸ್ಸನ್ನು ಎಲ್ಲಿ ಕತ್ತರಿಸಿದಿರಿ, ಕೋಡಿನ ಎಷ್ಟು ಅಂಕಿ ಮುಚ್ಚಿದಿರಿ ಎಂಬುದನ್ನು ಬರೆದಿಟ್ಟುಕೊಳ್ಳಿ. ಮುಂದೆ ಯಾರು ಕೇಳಿದರೂ ಅದೇ ಗುಂಪುಗಳನ್ನು ಹಾಗೆಯೇ ಕೊಡಿ, ಇಲ್ಲವೇ ಇಡೀ ಗುಂಪುಗಳನ್ನು ಜೋಡಿಸಿ ದೊಡ್ಡದು ಮಾಡಿ ಕೊಡಿ. 20–29 ಮತ್ತು 30–39 ಸೇರಿ 20–39 ಆಗಬಹುದು, ಮಧ್ಯಕ್ಕೆ ಸೀಳಿ 25–34 ಮಾಡುವಂತಿಲ್ಲ.