ಮೇಕೆ ಮಾಂಸ: ಯಾವ ಅಡುಗೆಗೆ ಯಾವ ಭಾಗ ಕೇಳಬೇಕು?

ಬೆಂಗಳೂರು, ಮೈಸೂರಿನ ಕಡೆಯ ಮಟನ್ ಅಂಗಡಿಗಳಲ್ಲಿ ‘ಒಂದು ಕಿಲೋ ಕೊಡಿ’ ಎಂದಷ್ಟೇ ಹೇಳಿದರೆ, ಕೈಗೆ ಸಿಕ್ಕ ಭಾಗಗಳನ್ನೆಲ್ಲ ಸೇರಿಸಿ ಒಂದೇ ಅಳತೆಯಲ್ಲಿ ಕತ್ತರಿಸಿ ಕೊಡುವುದು ವಾಡಿಕೆ. ಬೇಗ ಬೇಯುವ ತುಂಡೂ ನಿಧಾನವಾಗಿ ಬೇಯುವ ತುಂಡೂ ಒಂದೇ ಪಾತ್ರೆಗೆ ಬೀಳುವುದರಿಂದ ಒಂದು ಗಟ್ಟಿಯಾಗಿ ಉಳಿದರೆ ಇನ್ನೊಂದು ನಾರುನಾರಾಗುತ್ತದೆ. ಆದುದರಿಂದ ಅಂಗಡಿಗೆ ಹೋಗುವ ಮೊದಲೇ ಅಡುಗೆಯನ್ನು ನಿರ್ಧರಿಸಿ, ಭಾಗದ ಹೆಸರು ಹೇಳಿ ಕೇಳುವುದು ಒಳ್ಳೆಯದು.

ಈ ಹೆಸರುಗಳಲ್ಲಿ ಹೆಚ್ಚಿನವು ಉರ್ದುವಿನಿಂದ ಬಂದವು. ದಸ್ತಿ ಎಂದರೆ ಮುಂಗಾಲು ಮತ್ತು ಹೆಗಲಿನ ಭಾಗ. ರಾನ್ ಎಂದರೆ ಹಿಂದೊಡೆ. ಗರ್ದನ್ ಎಂದರೆ ಕತ್ತು. ಸೀನಾ ಎಂದರೆ ಎದೆ. ಬೆನ್ನಿನ ಭಾಗವನ್ನು ಪುಟ್ ಎಂದೂ, ಬೆನ್ನಿಗೆ ಅಂಟಿದ ಪಕ್ಕೆಲುಬಿನ ತುಂಡುಗಳನ್ನು ಚಾಪ್ಸ್ ಎಂದೂ, ಮಜ್ಜೆ ತುಂಬಿದ ಕಾಲಿನ ಕೊಳವೆ ಮೂಳೆಯನ್ನು ನಲ್ಲಿ ಎಂದೂ ಕರೆಯುತ್ತಾರೆ. ಗೊರಸಿನ ಕಡೆಯ ಕಾಲು ಪಾಯಾ. ಊರಿಂದೂರಿಗೆ ಹೆಸರುಗಳು ಸ್ವಲ್ಪ ಬದಲಾಗುವುದರಿಂದ, ಅನುಮಾನವಿದ್ದರೆ ಬೆರಳು ತೋರಿಸಿ ಕೇಳುವುದರಲ್ಲಿ ಸಂಕೋಚ ಬೇಡ.

ಮೇಕೆ ಹೆಚ್ಚು ದುಡಿಸಿಕೊಂಡ ಅಂಗಗಳಲ್ಲಿ, ಅಂದರೆ ಕತ್ತು, ಹೆಗಲು ಮತ್ತು ಕಾಲಿನಲ್ಲಿ, ಸ್ನಾಯುಗಳ ನಡುವೆ ಬಿಳಿಯ ಜವ್ವು ಹೆಚ್ಚಿರುತ್ತದೆ. ನೀರಿನೊಂದಿಗೆ ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೆಂದಾಗ ಇದು ಕರಗಿ ಜೆಲಟಿನ್ ಆಗುತ್ತದೆ; ಸಾರಿಗೆ ಮೈ ಬರುವುದು ಇದರಿಂದಲೇ. ಬೆನ್ನಿನ ಮಾಂಸದಲ್ಲಿ ಜವ್ವು ಕಡಿಮೆ. ಅದು ಬೇಗ ಬೇಯುತ್ತದೆ, ಹೆಚ್ಚು ಬೇಯಿಸಿದರೆ ಒಣಗುತ್ತದೆ.

ಐದಾರು ಜನರಿಗೆ ಸಾರು ಮಾಡಲು ಒಂದು ಕಿಲೋ ಬೇಕೆಂದುಕೊಳ್ಳೋಣ. ಅರ್ಧ ಕಿಲೋ ದಸ್ತಿ, ಕಾಲು ಕಿಲೋ ಸೀನಾ, ಉಳಿದ ಕಾಲು ಕಿಲೋ ಗರ್ದನ್ ಕೇಳಿ, ಮೂಳೆಸಹಿತ ಮಧ್ಯಮ ತುಂಡು ಮಾಡಿಸಿ. ದಸ್ತಿ ಮೆತ್ತನೆಯ ಮಾಂಸ ಕೊಡುತ್ತದೆ, ಸೀನಾ ಕೊಬ್ಬು ಕೊಡುತ್ತದೆ, ಗರ್ದನ್ ರಸಕ್ಕೆ ಗಾಢತೆ ಕೊಡುತ್ತದೆ. ಎಳೆಯ ಮೇಕೆಯದಾದರೆ ಕುಕ್ಕರಿನಲ್ಲಿ ನಾಲ್ಕೈದು ಕೂಗು ಸಾಕಾಗಬಹುದು, ಬಲಿತದ್ದಕ್ಕೆ ಇನ್ನಷ್ಟು ಬೇಕು. ಮುಚ್ಚಳ ತೆಗೆದು ಒಂದು ತುಂಡನ್ನು ಚಮಚದಿಂದ ಒತ್ತಿ ನೋಡಬೇಕು: ಮಾಂಸ ರಬ್ಬರಿನಂತೆ ಪುಟಿದರೆ ಜವ್ವು ಇನ್ನೂ ಕರಗಿಲ್ಲ, ಮತ್ತೆ ಬೇಯಿಸಬೇಕು, ಎಲುಬಿನಿಂದ ತಾನಾಗಿ ಸರಿದರೆ ಹದ ಬಂದಿದೆ. ಎಳೆಎಳೆಯಾಗಿ ಬಿಡಿಸಿಕೊಂಡು ಬಾಯಲ್ಲಿ ಒಣಗಿದಂತಿದ್ದರೆ ಹದ ಮೀರಿದೆ, ಮತ್ತೆ ಬೇಯಿಸಿ ಅದನ್ನು ಸರಿಪಡಿಸಲಾಗದು. ರಾನ್‌ನ ಮೂಳೆಯಿಲ್ಲದ ತುಂಡುಗಳನ್ನೇ ಸಾರಿಗೆ ಹಾಕಿದವರು ಸಾಮಾನ್ಯವಾಗಿ ಕಾಣುವುದು ಈ ಕೊನೆಯ ಸ್ಥಿತಿಯನ್ನು.

ಬಿರಿಯಾನಿಗೆ ದಸ್ತಿ ಮತ್ತು ಪುಟ್ ಬೆರೆಸಿ, ಸಾರಿನ ತುಂಡಿಗಿಂತ ದೊಡ್ಡದಾಗಿ ಕತ್ತರಿಸಲು ಹೇಳಿ. ಸಣ್ಣ ತುಂಡುಗಳು ಅಕ್ಕಿಯೊಡನೆ ದಮ್ಮಿನಲ್ಲಿ ಕೂರುವಾಗ ಮುರಿದು ಹೋಗುತ್ತವೆ. ಮಾಂಸವನ್ನು ಮೊದಲೇ ಬೇಯಿಸಿಕೊಳ್ಳುವುದಾದರೆ ಮುಕ್ಕಾಲು ಪಾಲು ಬೆಂದೊಡನೆ ನಿಲ್ಲಿಸಬೇಕು, ಏಕೆಂದರೆ ಉಳಿದದ್ದು ದಮ್ಮಿನಲ್ಲಿ ಆಗುತ್ತದೆ.

ಕೆಂಡದ ಮೇಲೆ ಸುಡಲು ನೀರಿನ ನೆರವಿಲ್ಲದಿರುವುದರಿಂದ ಚಾಪ್ಸ್ ಅತ್ಯುತ್ತಮ. ಎಲುಬುಗಳನ್ನು ಒಂದೊಂದಾಗಿ ಬಿಡಿಸಿ, ಮಾಂಸದ ಗುಂಡು ಭಾಗ ಪ್ರತಿ ತುಂಡಿನಲ್ಲೂ ಉಳಿಯುವಂತೆ ಕತ್ತರಿಸಿಕೊಡಲು ಕೇಳಿ. ರಾನ್ ಬಳಸಲೇಬೇಕಿದ್ದರೆ ಮೂಳೆ ತೆಗೆಸಿ, ಅರ್ಧ ಕಿಲೋಗೆ ಒಂದು ದೊಡ್ಡ ಚಮಚದಷ್ಟು ಹಸಿ ಪಪ್ಪಾಯಿ ಅರೆದು ಹಚ್ಚಿ ಎರಡು ಗಂಟೆ ಇಡಿ. ರಾತ್ರಿಯಿಡೀ ಬಿಟ್ಟರೆ ಪಪ್ಪಾಯಿಯ ಪಾಪೇನ್ ಎಂಬ ಕಿಣ್ವ ಮಾಂಸದ ಹೊರಪದರವನ್ನು ಹಿಟ್ಟಿನಂತೆ ಮಾಡುತ್ತದೆ. ಈ ತಪ್ಪು ಬಹಳ ಕಡೆ ನಡೆಯುತ್ತದೆ.

ಸೂಪಿಗೆ ಪಾಯಾ ಮತ್ತು ನಲ್ಲಿ ಎರಡೂ ಬೇಕು. ಕಾಲುಗಳನ್ನು ಸುಟ್ಟು, ಕೂದಲು ಕೆರೆದು ತೊಳೆಸಿಯೇ ತೆಗೆದುಕೊಳ್ಳಿ. ತೆರೆದ ಪಾತ್ರೆಯಲ್ಲಿ ಮೂರು ಗಂಟೆಯಾದರೂ ಸಣ್ಣಗೆ ಕುದಿಸಿ, ಮೇಲೆ ಬರುವ ನೊರೆ ತೆಗೆಯುತ್ತಿರಿ. ರಸವನ್ನು ಎರಡು ಬೆರಳ ನಡುವೆ ಉಜ್ಜಿದಾಗ ಅಂಟಿದರೆ ಹದ ಬಂದಂತೆ. ನಲ್ಲಿಯನ್ನು ಕತ್ತಿಯಿಂದ ಜಜ್ಜಿದರೆ ಚೂರುಗಳು ಸೂಪಿನಲ್ಲಿ ಸೇರಿ ಗಂಟಲಿಗೆ ಸಿಗಬಹುದು. ಆದ್ದರಿಂದ ಒಂದೇ ಪೆಟ್ಟಿಗೆ ಅಡ್ಡಲಾಗಿ ಎರಡು ತುಂಡು ಮಾಡಿಸಿ, ಬಡಿಸುವ ಮೊದಲು ಸೂಪನ್ನು ಒಮ್ಮೆ ಸೋಸಿಕೊಳ್ಳಿ.