ಡಿಎಸ್‌ಸಿ ಟೋಕನ್ ಕಂಪ್ಯೂಟರ್‌ಗೆ ಕಾಣ್ತಿಲ್ವಾ? ಡ್ರೈವರ್‌ಗೆ ಕೈ ಹಾಕುವ ಮೊದಲು ವೈರ್ ನೋಡಿ

ತಿಂಗಳ 20ನೇ ತಾರೀಕು, ಜಿಎಸ್‌ಟಿಆರ್-3ಬಿ ಸಲ್ಲಿಸುವ ಕೊನೆಯ ದಿನ. ಸಂಜೆ ಐದೂವರೆಗೆ ಹುಬ್ಬಳ್ಳಿಯ ಸಣ್ಣದೊಂದು ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಲೆಕ್ಕ ನೋಡಿಕೊಳ್ಳುವ ಹುಡುಗ ಫೋನ್ ಮಾಡಿದ. ‘ಸರ್, ಟೋಕನ್‌ದಾಗ ಲೈಟ್ ಹತ್ತೇದ್ರೀ, ಆದ್ರ ಕಂಪ್ಯೂಟರ್‌ನ್ಯಾಗ ಏನೂ ತೋರಸವಲ್ದು. ಡ್ರೈವರ್ ಮೂರ್ ಸಲ ಹಾಕೀನ್ರೀ.’ ತೆರಿಗೆ ಕಟ್ಟಿ ಆಗಿತ್ತು, ಸಹಿ ಒಂದೇ ಬಾಕಿ. ಮಾಲೀಕ ಒಬ್ಬರೇ ಇರುವ ಅಂಗಡಿಯಾಗಿದ್ದರೆ ಮೊಬೈಲ್‌ಗೆ ಬರುವ ಒಟಿಪಿ ಹಾಕಿ ಮುಗಿಸಬಹುದಿತ್ತು. ಕಂಪನಿ ಮತ್ತು ಎಲ್‌ಎಲ್‌ಪಿಗಳಿಗೆ ಆ ದಾರಿ ಇಲ್ಲ, ಯುಎಸ್‌ಬಿ ಟೋಕನ್‌ನಲ್ಲಿರುವ ಡಿಜಿಟಲ್ ಸಹಿ, ಅಂದರೆ ಡಿಎಸ್‌ಸಿ, ಬೇಕೇ ಬೇಕು. ತಡವಾದರೆ ದಿನಕ್ಕೆ ₹50 ಲೇಟ್ ಫೀ.

ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಎರರ್ ಬ್ರೌಸರ್‌ನಲ್ಲಿ ಕಾಣುತ್ತದಲ್ವಾ, ಹಾಗಾಗಿ ಬ್ರೌಸರ್‌ನಿಂದಲೇ ರಿಪೇರಿ ಶುರು ಮಾಡುತ್ತಾರೆ. ಪೋರ್ಟಲ್‌ನಲ್ಲಿ ಸಹಿ ಹಾಕಿಸುವ ಎಂಸೈನರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕುತ್ತಾರೆ, ಜಾವಾ ಹಾಕುತ್ತಾರೆ, ಬ್ರೌಸರ್ ಬದಲಿಸುತ್ತಾರೆ. ಸಹಿ ಹೊರಡುವುದು ಟೋಕನ್‌ನಿಂದ. ಅಲ್ಲಿಂದ ವೈರ್, ಪೋರ್ಟ್, ವಿಂಡೋಸ್, ಟೋಕನ್ ಸಾಫ್ಟ್‌ವೇರ್, ಎಂಸೈನರ್ ದಾಟಿ ಕೊನೆಗೆ ಬ್ರೌಸರ್‌ಗೆ ಬರುತ್ತದೆ. ಹುಡುಕಾಟವೂ ಅದೇ ದಾರಿಯಲ್ಲಿ ಹೋಗಬೇಕು.

ಲೈಟ್ ನಂಬಬೇಡಿ, ಸದ್ದು ಕೇಳಿ

ಯುಎಸ್‌ಬಿ ವೈರ್ ಒಳಗೆ ಮುಖ್ಯವಾಗಿ ನಾಲ್ಕು ಎಳೆ ಇರುತ್ತವೆ. ಎರಡು ಕರೆಂಟಿಗೆ, ಎರಡು ಡೇಟಾಗೆ. ಕರೆಂಟಿನ ಎಳೆಗಳು ಚೆನ್ನಾಗಿದ್ದು ಡೇಟಾ ಎಳೆ ತುಂಡಾಗಿದ್ದರೂ ಎಷ್ಟೋ ಟೋಕನ್‌ಗಳಲ್ಲಿ ಲೈಟ್ ಹತ್ತುತ್ತದೆ. ಅಂದರೆ ಕರೆಂಟ್ ಬರುತ್ತಿದೆ ಅಂತ ಅಷ್ಟೇ ಅರ್ಥ, ಕಂಪ್ಯೂಟರ್ ಅದನ್ನು ಗುರುತಿಸಿದೆ ಅಂತ ಅಲ್ಲ. ನಿಜವಾದ ಗುರುತು ಸದ್ದು. ಸ್ಪೀಕರ್ ಜೋರು ಮಾಡಿ ಟೋಕನ್ ಚುಚ್ಚಿ. ವಿಂಡೋಸ್ ‘ಟುಡುಂ’ ಅಂದರೆ ಏನೋ ಬಂದಿದೆ ಅಂತ ಅದಕ್ಕೆ ಗೊತ್ತಾಗಿದೆ.

‘ಟೋಕನ್ ಎಲ್ಲಿ ಚುಚ್ಚಿದ್ದೀಯಪ್ಪಾ?’ ಅಂತ ಕೇಳಿದೆ. ಸಿಪಿಯು ಟೇಬಲ್ ಕೆಳಗಿದೆ, ಬಗ್ಗೋದು ಕಷ್ಟ ಅಂತ ಎಕ್ಸ್‌ಟೆನ್ಶನ್ ವೈರ್ ಎಳೆದು ಮೇಲೆ ಇಟ್ಟುಕೊಂಡಿದ್ದ. ಆ ವೈರ್ ಒಂದು ಯುಎಸ್‌ಬಿ ಟೇಬಲ್ ದೀಪದ ಜೊತೆ ಬಂದಿದ್ದಂತೆ. ಅದನ್ನು ಕಿತ್ತು ಸಿಪಿಯು ಹಿಂಭಾಗದ ಪೋರ್ಟ್‌ಗೆ ನೇರ ಚುಚ್ಚಲು ಹೇಳಿದೆ. ಫೋನ್‌ನಲ್ಲಿ ನನಗೂ ಸದ್ದು ಕೇಳಿಸಿತು.

ಹಿಂಭಾಗದ್ದೇ ಯಾಕೆ ಅಂದರೆ, ಆ ಪೋರ್ಟ್‌ಗಳು ಮದರ್‌ಬೋರ್ಡ್ ಮೇಲೆಯೇ ಕೂತಿರುತ್ತವೆ. ಮುಂಭಾಗದವಕ್ಕೆ ಒಳಗಿಂದ ಇನ್ನೊಂದು ವೈರ್ ಬಂದಿರುತ್ತದೆ, ಅದು ಸಡಿಲ ಆಗುವುದು ಮಾಮೂಲು, ಜೊತೆಗೆ ಹೋಗಿ ಬರುವವರ ಕಾಲು ತಾಗಿ ಪೋರ್ಟೇ ಸೊಟ್ಟಗಾಗಿರುತ್ತದೆ. ಹಬ್, ಮಾನಿಟರ್, ಕೀಬೋರ್ಡ್‌ಗಳ ಪೋರ್ಟ್ ಈಗ ಬೇಡ. ನೀಲಿ ಪೋರ್ಟ್‌ನಲ್ಲಿ ಆಗದಿದ್ದರೆ ಕಪ್ಪು ಪೋರ್ಟ್‌ನಲ್ಲಿ ನೋಡಿ, ಹಳೆಯ ಟೋಕನ್‌ಗಳು ಕೆಲವೊಮ್ಮೆ ಅಲ್ಲೇ ಸರಿಯಾಗಿ ಕೆಲಸ ಮಾಡುತ್ತವೆ. ಪೋರ್ಟ್ ಮೇಲೇ ಅನುಮಾನವಿದ್ದರೆ ಅದಕ್ಕೊಂದು ಪೆನ್‌ಡ್ರೈವ್ ಹಾಕಿ. ಪೆನ್‌ಡ್ರೈವ್ ಓಡುತ್ತದೆ, ಟೋಕನ್ ಮಾತ್ರ ಎರಡು ಕಂಪ್ಯೂಟರ್‌ಗಳಲ್ಲಿ ನೇರ ಚುಚ್ಚಿದರೂ ಸದ್ದಿಲ್ಲ ಅಂದರೆ ಟೋಕನ್ನೇ ಹೋಗಿದೆ. ಅದಕ್ಕೆ ಡ್ರೈವರ್ ಮದ್ದಲ್ಲ, ಡಿಎಸ್‌ಸಿ ಕೊಟ್ಟವರಿಗೆ ಫೋನ್ ಮಾಡಿ.

43 ಮತ್ತು 28

ಸದ್ದು ಬಂದರೂ ಟೋಕನ್ ಕಾಣದಿದ್ದರೆ ವಿಂಡೋಸ್ ಕೀ ಜೊತೆ R ಒತ್ತಿ ಇದನ್ನು ಟೈಪ್ ಮಾಡಿ:

```
devmgmt.msc
```

ಡಿವೈಸ್ ಮ್ಯಾನೇಜರ್ ತೆರೆಯುತ್ತದೆ. ಹಳದಿ ಗುರುತು ಇರುವ ಸಾಲು ಇದ್ದರೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಒಳಗೆ ಬರೆದಿರುವ ಕೋಡ್ ಓದಿ. Code 43 ಇದ್ದು ಹೆಸರು Unknown USB Device ಅಂತ ಬಂದಿದ್ದರೆ, ಏನೋ ಚುಚ್ಚಿದ್ದಾರೆ ಅಂತ ಕಂಪ್ಯೂಟರ್‌ಗೆ ಗೊತ್ತಾಗಿದೆ, ಆದರೆ ಅದರ ಜೊತೆ ಮಾತಾಡಲು ಆಗುತ್ತಿಲ್ಲ. ಇದು ಹೆಚ್ಚಾಗಿ ವೈರ್, ಪೋರ್ಟ್ ಅಥವಾ ಟೋಕನ್ ದೋಷ. ಇಲ್ಲಿ ಡ್ರೈವರ್ ಹತ್ತು ಸಲ ಹಾಕಿದರೂ ಸುಮ್ನೆ ಹೊತ್ತು ಹಾಳು. Code 28 ಅಂದರೆ ಡ್ರೈವರ್ ಇಲ್ಲ ಅಂತ. ಡ್ರೈವರ್ ಹಾಕಬೇಕಾದದ್ದು ಆಗ.

ಹುಬ್ಬಳ್ಳಿಯ ಕಂಪ್ಯೂಟರ್‌ನಲ್ಲಿ ಹಳದಿ ಗುರುತೇ ಇರಲಿಲ್ಲ. Smart card readers ಕೆಳಗೆ Microsoft Usbccid Smartcard Reader ಅಂತ ಚೆನ್ನಾಗಿಯೇ ಬಂದಿತ್ತು. ಆದರೂ ಟೋಕನ್ ಸಾಫ್ಟ್‌ವೇರ್ ತೆರೆದರೆ ಖಾಲಿ. ರೀಡರ್ ಸಿಕ್ಕಿದೆ, ಒಳಗಿನ ಸರ್ಟಿಫಿಕೇಟ್ ಓದುವ ಸಾಫ್ಟ್‌ವೇರ್ ಸರಿ ಇಲ್ಲ ಅಂತ ಅರ್ಥ.

ಟೋಕನ್ ಬೆನ್ನ ಮೇಲೆ ಏನು ಬರೆದಿದೆ ನೋಡು ಅಂದೆ. HYP2003 ಅಂತ ಇತ್ತು. ಅವನು ಮೂರು ಸಲ ಹಾಕಿದ್ದು ProxKey ಸಾಫ್ಟ್‌ವೇರ್! ಹೋದ ತಿಂಗಳು ಡಿಎಸ್‌ಸಿ ನವೀಕರಿಸಿದಾಗ ಹೊಸ ಟೋಕನ್ ಬಂದಿತ್ತು, ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಹಳೆಯದರ ಸೆಟಪ್ ಉಳಿದಿತ್ತು. ಎಲ್ಲ ಟೋಕನ್‌ಗಳೂ ನೋಡಲು ಪೆನ್‌ಡ್ರೈವ್ ಥರವೇ ಇರುತ್ತವೆ, ಆದರೆ ಒಂದರ ಸಾಫ್ಟ್‌ವೇರ್ ಸಾಮಾನ್ಯವಾಗಿ ಇನ್ನೊಂದನ್ನು ಓದುವುದಿಲ್ಲ. ಬೆನ್ನ ಮೇಲಿನ ಹೆಸರು ಅಳಿಸಿದ್ದರೆ ದಿಸ್ ಪಿಸಿ ತೆರೆಯಿರಿ. ಕೆಲವು ಟೋಕನ್‌ಗಳು ಅಲ್ಲಿ ಪುಟ್ಟ ಸಿಡಿ ಡ್ರೈವ್ ಆಗಿ ಕಾಣುತ್ತವೆ, ಸರಿಯಾದ ಸೆಟಪ್ ಅದರಲ್ಲೇ ಇರುತ್ತದೆ. ಇಲ್ಲದಿದ್ದರೆ ಡಿಎಸ್‌ಸಿ ಕೊಟ್ಟವರ ಸೈಟ್‌ನಿಂದಲೇ ತೆಗೆದುಕೊಳ್ಳಿ.

ಹಾಕುವ ಕ್ರಮ ಹೀಗೆ. ಟೋಕನ್ ಹೊರಗೆ ತೆಗೆಯಿರಿ. ಬೇಡವಾದ ಹಳೆಯ ಟೋಕನ್ ಸಾಫ್ಟ್‌ವೇರ್ ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಸೆಟಪ್ ಮೇಲೆ ರೈಟ್ ಕ್ಲಿಕ್ ಮಾಡಿ Run as administrator ಕೊಡಿ. ಮುಗಿದ ಮೇಲೆ ಟೋಕನ್ ಚುಚ್ಚಿ. ಸಾಫ್ಟ್‌ವೇರ್‌ನಲ್ಲಿ ಡೈರೆಕ್ಟರ್ ಹೆಸರು, ಸರ್ಟಿಫಿಕೇಟ್ ಮುಗಿಯುವ ತಾರೀಕು ಕಂಡರೆ ಟೋಕನ್ ಕಡೆ ಎಲ್ಲ ಸರಿ. ಆಮೇಲೂ ಖಾಲಿ ಇದ್ದರೆ `services.msc` ತೆರೆದು Smart Card ಅನ್ನುವ ಸಾಲನ್ನು ರೀಸ್ಟಾರ್ಟ್ ಮಾಡಿ.

ಈ ಗಡಿಬಿಡಿಯಲ್ಲಿ Initialize ಅಥವಾ Format ಅನ್ನುವ ಬಟನ್ ಕಂಡರೆ ದಯವಿಟ್ಟು ಮುಟ್ಟಬೇಡಿ. ಅದು ಟೋಕನ್ ಒಳಗಿನ ಸರ್ಟಿಫಿಕೇಟ್ ಅಳಿಸಿಬಿಡುತ್ತದೆ. ಅದರ ಕೀಯನ್ನು ಹೊರಗೆ ನಕಲು ಮಾಡಿ ಇಟ್ಟುಕೊಳ್ಳಲು ಆಗುವುದಿಲ್ಲ, ಹಾಗಾಗಿ ಹೊಸ ಡಿಎಸ್‌ಸಿಯೇ ಮಾಡಿಸಬೇಕಾಗುತ್ತದೆ. ಪಿನ್ ಕೂಡ ಅಂದಾಜಿನ ಮೇಲೆ ಹೊಡೆಯಬೇಡಿ, ಕೆಲವು ಸಲ ತಪ್ಪಿದರೆ ಟೋಕನ್ ಲಾಕ್ ಆಗುತ್ತದೆ.

ಆಫೀಸಿನ ಕಂಪ್ಯೂಟರ್‌ಗೆ ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕೂತಿದ್ದೀರಾ? ಹಾಗಿದ್ದರೆ ಆಫೀಸಿನಲ್ಲಿ ಚುಚ್ಚಿರುವ ಟೋಕನ್ ನಿಮಗೆ ಕಾಣದಿರುವುದು ಸಹಜ. ವಿಂಡೋಸ್ ಆಗ ನಿಮ್ಮ ಎದುರಿನ ಕಂಪ್ಯೂಟರ್‌ನ ಸ್ಮಾರ್ಟ್ ಕಾರ್ಡನ್ನು ಹುಡುಕುತ್ತದೆ. ಟೋಕನ್ ಎಲ್ಲಿದೆಯೋ ಅಲ್ಲಿ ಒಬ್ಬರು ಕೂರಬೇಕು.

ಆಮೇಲೆ ಎಂಸೈನರ್

ಇದು ಬೇಗ ಮುಗಿಯುತ್ತದೆ. ಎಂಸೈನರ್ ಮುಚ್ಚಿ, Run as administrator ಕೊಟ್ಟು ಮತ್ತೆ ತೆರೆಯಿರಿ. ಸಂಪರ್ಕ ಆಗುತ್ತಿಲ್ಲ ಅಂತ ಜಿಎಸ್‌ಟಿ ಪೋರ್ಟಲ್ ಹೇಳಿದರೆ ಅದೇ ಬ್ರೌಸರ್‌ನಲ್ಲಿ `https://127.0.0.1:1585` ತೆರೆದು, ಎಚ್ಚರಿಕೆ ಬಂದರೆ Advanced ಒತ್ತಿ ಮುಂದುವರಿಯಿರಿ. ಈ ವಿಳಾಸ ನಿಮ್ಮ ಕಂಪ್ಯೂಟರ್‌ನದ್ದೇ, ಹೊರಗಿನ ಸೈಟ್ ಅಲ್ಲ. ಆದಾಯ ತೆರಿಗೆ ಪೋರ್ಟಲ್‌ಗೆ ಮಾತ್ರ ಎಂಬ್ರಿಡ್ಜ್ ಅನ್ನುವ ಬೇರೆ ಸಾಫ್ಟ್‌ವೇರ್ ಬೇಕು.

ಹುಡುಗನಿಗೆ ಇನ್ನೊಂದು ಕೆಲಸ ಉಳಿದಿತ್ತು. ಹೊಸ ಡಿಎಸ್‌ಸಿಯನ್ನು ಪೋರ್ಟಲ್‌ನಲ್ಲಿ ನೋಂದಾಯಿಸಿರಲಿಲ್ಲ. ಮೊದಲು Register/Update DSC ಪುಟದಲ್ಲಿ ಅದನ್ನು ಹಾಕಿಸಿದೆ, ಆಮೇಲೆ ರಿಟರ್ನ್‌ಗೆ ಸಹಿ. ಏಳೂ ಹತ್ತಕ್ಕೆ ರಿಟರ್ನ್ ಸಲ್ಲಿಕೆಯಾದ ಗುರುತಿನ ಸಂಖ್ಯೆ ಎಆರ್‌ಎನ್ ಬಂತು. ಹಳೆಯ ಸೆಟಪ್ ಡಿಲೀಟ್ ಮಾಡಿಸಿದೆ, ಆ ಎಕ್ಸ್‌ಟೆನ್ಶನ್ ವೈರ್‌ಗೆ ‘ದೀಪಕ್ಕೆ ಮಾತ್ರ’ ಅಂತ ಚೀಟಿ ಅಂಟಿಸಲು ಹೇಳಿ ಫೋನ್ ಇಟ್ಟೆ.